ಮುರಿದ ತುದಿ, ಕರಗಿದ ತುದಿ

ಜಾಹೀರಾತಿನ ಚಾಕೊಲೇಟ್ ಬಾರ್ ನೋಡಿ. ಒಂದು ತುದಿ ಚೂಪಾಗಿ ಮುರಿದಿದೆ, ಇನ್ನೊಂದು ತುದಿ ಕರಗಿ ಇಳಿಯುತ್ತಿದೆ. ಸುತ್ತ ಕೋಕೋ ಪುಡಿ, ಪಕ್ಕದಲ್ಲಿ ಹೊಳೆಯುವ ಫಾಯಿಲ್. ಕೈಯಲ್ಲಿ ಹಿಡಿದ ಬಾರ್ ತಾನಾಗಿ ಹೀಗೆ ಕಾಣುವುದಿಲ್ಲ. ಮುರಿಯುವುದಕ್ಕೆ ತಂಪು ಬೇಕು, ಕರಗುವುದಕ್ಕೆ ಬಿಸಿ. ಇವೆರಡನ್ನೂ ಒಂದೇ ಚೌಕಟ್ಟಿಗೆ ತರುವುದರಲ್ಲೇ ಛಾಯಾಗ್ರಾಹಕರ ಕೆಲಸವಿದೆ.

'ಟಕ್' ಎಂದು ಮುರಿಯುವ ಗುಣ ಬರುವುದು ಕೋಕೋ ಬೆಣ್ಣೆಯಿಂದ. ಈ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಬೇಕಾಗುವುದು ಐದನೆಯದು. ಅದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂದರೆ ಬಾಯಿಯ ಬಿಸಿಗಿಂತ ಸ್ವಲ್ಪ ಕೆಳಗೆ ಕರಗುತ್ತದೆ. ಅದನ್ನು ಪಡೆಯಲು ಡಾರ್ಕ್ ಚಾಕೊಲೇಟನ್ನು ಮೊದಲು 45–50 ಡಿಗ್ರಿಗೆ ಬಿಸಿ ಮಾಡಿ, ಕಲಕುತ್ತ 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸುತ್ತಾರೆ. ಇದೇ ಟೆಂಪರಿಂಗ್. ಇದು ಕೆಟ್ಟರೆ ಬಾರ್ ಮುರಿಯುವ ಬದಲು ಬಾಗುತ್ತದೆ, ಮೈ ಮಂಕಾಗುತ್ತದೆ, ಕೆಲವು ದಿನಗಳಲ್ಲಿ ಬೂದು ಬಣ್ಣದ ಪದರ ಮೂಡುತ್ತದೆ. ಬೂಷ್ಟು ಎಂದು ಹಲವರು ಎಸೆಯುವುದುಂಟು. ಆದರೆ ಅದು ಮೇಲೆ ಬಂದು ಹರಳುಗಟ್ಟಿದ ಕೊಬ್ಬು.

ಚಿತ್ರಕ್ಕೆ ಬಾರನ್ನು 18–20 ಡಿಗ್ರಿಯ ಎ.ಸಿ. ಕೋಣೆಯಲ್ಲಿ ಇಟ್ಟುಕೊಳ್ಳುತ್ತಾರೆ. ಫ್ರಿಜ್‌ನಿಂದ ತೆಗೆದು ಇಡುವುದು ದೊಡ್ಡ ತಪ್ಪು. ಮಂಗಳೂರಿನಂಥ ತೇವದ ಊರಿನಲ್ಲಂತೂ ಅದರ ಮೇಲೆ ಕೂಡಲೇ ನೀರಹನಿ ಕೂರುತ್ತದೆ. ಆ ನೀರು ಸಕ್ಕರೆಯನ್ನು ಕರಗಿಸುತ್ತದೆ, ಆರಿದ ಮೇಲೆ ಒರಟಾದ ಬಿಳಿ ಕಲೆ ಉಳಿಯುತ್ತದೆ. ಬೆರಳಚ್ಚು ಬೀಳದಂತೆ ಹತ್ತಿಯ ಕೈಗವಸು ಹಾಕಿಕೊಂಡು, ಬಾರ್‌ನ ಅಡಿಯಲ್ಲಿ ಚಾಕುವಿನಿಂದ ತೆಳು ಗೆರೆ ಎಳೆದು ಮುರಿದರೆ ಒಡಕು ಆ ಗೆರೆಯನ್ನೇ ಹಿಡಿಯುತ್ತದೆ. ಆದರೂ ಮೊದಲ ಬಾರ್‌ನಲ್ಲೇ ಸರಿಯಾದ ಮುಖ ಸಿಗುವ ಭರವಸೆ ಇಲ್ಲ. ಆದ್ದರಿಂದ ಹತ್ತಾರು ಬಾರ್‌ಗಳನ್ನು ಹತ್ತಿರ ಇಟ್ಟುಕೊಂಡೇ ಕೂರಬೇಕು. ಬೆಳಕು ಹಿಂಬದಿಯ ಪಕ್ಕದಿಂದ ಬಂದರೆ ಒಡಕಿನ ಒರಟುತನ ಎದ್ದು ಕಾಣುತ್ತದೆ.

ಕರಗಿದ ಅಂಚನ್ನು ಕೊನೆಯ ಗಳಿಗೆಗೆ ಬಿಡಬೇಕು. ಬಿಸಿ ಮಾಡಿದ ಲೋಹದ ಅಲಗನ್ನು ಆ ತುದಿಗೆ ಮಾತ್ರ ತಾಗಿಸುತ್ತಾರೆ. ಹೇರ್ ಡ್ರೈಯರ್ ಹಿಡಿದರೆ ಬಿಸಿಗಾಳಿ ಮುರಿದ ಮುಖದ ಚೂಪನ್ನೂ ಮೆತ್ತಗಾಗಿಸುತ್ತದೆ. ಇಳಿಯುವ ಹನಿ ಸಾಲದಿದ್ದರೆ ಅದೇ ಚಾಕೊಲೇಟನ್ನು ಬೇರೆಯಾಗಿ ಕರಗಿಸಿ ಚಮಚದಿಂದ ಬಿಡುತ್ತಾರೆ. ಅತಿಯಾಗಿ ಬಿಸಿಯಾದ ಭಾಗದಲ್ಲಿ ಐದನೆಯ ಬಗೆಯ ಹರಳು ಉಳಿಯುವುದಿಲ್ಲ. ಅದು ಮತ್ತೆ ಗಟ್ಟಿಯಾದಾಗ ಪಟ್ಟೆಪಟ್ಟೆಯಾಗಿ ಮಂಕಾಗುತ್ತದೆ. ಅಷ್ಟರೊಳಗೆ ಕ್ಯಾಮೆರಾದ ಕೆಲಸ ಮುಗಿದಿರಬೇಕು.

ಫಾಯಿಲ್ ಎದುರಿದ್ದುದನ್ನೆಲ್ಲ ಪ್ರತಿಬಿಂಬಿಸುತ್ತದೆ, ದೀಪವನ್ನೂ. ಅದಕ್ಕೇ ದೀಪದ ಮುಂದೆ ದೊಡ್ಡ ಬಿಳಿ ಬಟ್ಟೆ ಕಟ್ಟುತ್ತಾರೆ. ಬಾರ್ ಜೊತೆ ಬಂದ ಸುಕ್ಕಿದ ಹಾಳೆಯ ಬದಲು ಹೊಸದನ್ನು ಮಟ್ಟವಾಗಿ ಮಡಿಸುತ್ತಾರೆ. ಪುಡಿಯನ್ನು ನುಣುಪಾದ ಜರಡಿಯಲ್ಲಿ ಒಂದಡಿ ಎತ್ತರದಿಂದ ಉದುರಿಸುವಾಗ ಕರಗಿದ ಅಂಚಿಗೆ ಕಾಗದ ಅಡ್ಡ ಹಿಡಿಯಬೇಕು. ಇಲ್ಲದಿದ್ದರೆ ಪುಡಿ ಅಂಟಿ ಅಲ್ಲಿನ ಹೊಳಪನ್ನೆಲ್ಲ ನುಂಗಿಬಿಡುತ್ತದೆ.