ಕಪ್ಪು ವಿನೆಗರ್‌ನಲ್ಲಿ ಕಾಣದ ಗುಲಾಬಿ ಬಣ್ಣ

ಬಿಳಿ ವಿನೆಗರ್‌ನ ಹುಳಿ ಅಳೆಯುವುದು ಕಾಲೇಜು ಪ್ರಯೋಗಾಲಯದ ಪರಿಚಿತ ಕೆಲಸ. ಹತ್ತು ಮಿಲಿಲೀಟರ್ ವಿನೆಗರನ್ನು ನೂರಕ್ಕೆ ತೆಳುಗೊಳಿಸಿ, ಅದರಲ್ಲಿ ಹತ್ತು ಮಿಲಿಲೀಟರನ್ನು ಪಿಪೆಟ್‌ನಿಂದ ಶಂಕುವಿನಾಕಾರದ ಫ್ಲಾಸ್ಕಿಗೆ ಹಾಕುತ್ತಾರೆ. ಎರಡು ಹನಿ ಫಿನಾಲ್ಫ್ಥಲೀನ್ ಬೆರೆಸಿ, ಬ್ಯುರೆಟ್‌ನಿಂದ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಡುತ್ತಾರೆ. ಅಲುಗಾಡಿಸಿದರೂ ಮಾಸದ ತಿಳಿ ಗುಲಾಬಿ ಬಂದಾಗ ಆಮ್ಲವೆಲ್ಲ ತಟಸ್ಥವಾಗಿದೆ ಎಂದರ್ಥ. ಈ ಕ್ಷಾರದ ಒಂದು ಮಿಲಿಲೀಟರ್ 0.006 ಗ್ರಾಂ ಅಸಿಟಿಕ್ ಆಮ್ಲಕ್ಕೆ ಸಮ. ಫ್ಲಾಸ್ಕಿನಲ್ಲಿರುವುದು ಒಂದು ಮಿಲಿಲೀಟರ್ ಮೂಲ ವಿನೆಗರ್. ಏಳು ಮಿಲಿಲೀಟರ್ ಕ್ಷಾರ ಖರ್ಚಾದರೆ ಅದರ ಹುಳಿ ಶೇ 4.2.

ಇಟಲಿಯ ಮೊಡೆನಾದ ಬಾಲ್ಸಾಮಿಕ್ ವಿನೆಗರ್ ತಂದಿಟ್ಟರೆ ಇದೇ ಕ್ರಮ ಕೈಕೊಡುತ್ತದೆ. ದ್ರಾಕ್ಷಿರಸವನ್ನು ಕುದಿಸಿ ಬತ್ತಿಸಿ ಸೇರಿಸುವ ಅದರ ಕಡುಗಂದು ಬಣ್ಣದಲ್ಲಿ ಗುಲಾಬಿ ಕಾಣುವುದೇ ಇಲ್ಲ. ಕೆಂಪು ವೈನ್ ವಿನೆಗರ್ ಇನ್ನೂ ಗೊಂದಲದ್ದು. ಅದರ ದ್ರಾಕ್ಷಿ ವರ್ಣಕಗಳು ಕ್ಷಾರ ಹೆಚ್ಚಿದಂತೆ ತಾವೇ ನೀಲಿ, ಹಸಿರಿನ ಕಡೆಗೆ ತಿರುಗುತ್ತವೆ. ಕಣ್ಣು ಗುರುತಿಸುವಷ್ಟರಲ್ಲಿ ಕ್ಷಾರ ಮಿತಿಮೀರಿ, ಹುಳಿ ಇದ್ದುದಕ್ಕಿಂತ ಹೆಚ್ಚೆಂದು ಬರುತ್ತದೆ.

ಬಣ್ಣ ತೆಗೆಯಲು ಇದ್ದಿಲಿನ ಪುಡಿ ಹಾಕಿ ಸೋಸಬಹುದಲ್ಲ ಎಂದು ಯಾರಿಗಾದರೂ ಅನಿಸೀತು. ಹಾಗೆ ಮಾಡಬಾರದು. ಇದ್ದಿಲು ಬಣ್ಣದೊಂದಿಗೆ ಅಸಿಟಿಕ್ ಆಮ್ಲವನ್ನೂ ಹೀರಿಕೊಳ್ಳುತ್ತದೆ. ಅಧಿಶೋಷಣೆಯನ್ನು ತೋರಿಸಲು ವಿದ್ಯಾರ್ಥಿಗಳು ಮಾಡುವ ಪ್ರಯೋಗದಲ್ಲಿ ಬಳಸುವುದೇ ಈ ಜೋಡಿಯನ್ನು.

ಸುಲಭದ ದಾರಿ ನೀರು. ಫ್ಲಾಸ್ಕಿಗೆ ಇನ್ನೂ ನೂರು ಮಿಲಿಲೀಟರ್ ನೀರು ಸುರಿದರೆ ಬಣ್ಣ ತೆಳುವಾಗುತ್ತದೆ, ಆದರೆ ಅದರೊಳಗಿನ ಆಮ್ಲದ ಪ್ರಮಾಣ ಬದಲಾಗುವುದಿಲ್ಲ. ಹಾಗಾಗಿ ಲೆಕ್ಕವೂ ಅದೇ. ನೀರು ಮಾತ್ರ ಕುದಿಸಿ ಆರಿಸಿದ್ದಾಗಿರಬೇಕು, ಇಲ್ಲವಾದರೆ ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಕೂಡ ಕ್ಷಾರವನ್ನು ತಿನ್ನುತ್ತದೆ. ಕ್ಷಾರ ಬೀಳದ ಇನ್ನೊಂದು ಫ್ಲಾಸ್ಕನ್ನು ಬಿಳಿ ಹಾಳೆಯ ಮೇಲೆ ಪಕ್ಕದಲ್ಲಿಟ್ಟುಕೊಂಡರೆ ಛಾಯೆಯ ವ್ಯತ್ಯಾಸ ಬೇಗ ತಿಳಿಯುತ್ತದೆ.

ಅಷ್ಟಕ್ಕೂ ಬಗ್ಗದ ಮಾದರಿಗೆ ಪಿಎಚ್ ಮೀಟರ್ ಬೇಕು. 7 ಮತ್ತು 10ರ ಬಫರ್‌ಗಳಲ್ಲಿ ಮೀಟರನ್ನು ಸರಿಹೊಂದಿಸಿ, ದ್ರಾವಣ ಕಲಕುತ್ತ ಕ್ಷಾರ ಬಿಡಬೇಕು. ಪಿಎಚ್ 6 ದಾಟಿದ ಮೇಲೆ ಒಂದೊಂದೇ ಹನಿ, ಏಕೆಂದರೆ ಅಲ್ಲಿಂದ ಮುಂದೆ ಅಂಕಿ ಜಿಗಿಯುತ್ತದೆ. ಫಿನಾಲ್ಫ್ಥಲೀನ್ ಬಣ್ಣ ತಳೆಯಲು ಶುರುಮಾಡುವ 8.2ರ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಹೀಗೆ ಅಳೆದಾಗ 10.2 ಮಿಲಿಲೀಟರ್ ಖರ್ಚಾದರೆ ಹುಳಿ ಶೇ 6.1; ಮೊಡೆನಾದ ಬಾಲ್ಸಾಮಿಕ್‌ಗೆ ಬೇಕಾದ ಕನಿಷ್ಠ ಶೇ 6ನ್ನು ಅದು ಮುಟ್ಟಿದಂತಾಯಿತು.

ಬಣ್ಣದಷ್ಟು ಎದ್ದು ಕಾಣದ, ಆದರೆ ಅದಕ್ಕಿಂತ ಅಪಾಯದ ತಪ್ಪು ಕ್ಷಾರದ ಬಾಟಲಿಯಲ್ಲೇ ಇರುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ದುರ್ಬಲವಾಗುತ್ತದೆ. 0.1 ಎಂಬ ಚೀಟಿಯ ಬಾಟಲಿಯಲ್ಲಿ ನಿಜಕ್ಕೂ 0.095 ಇದ್ದರೆ, ಶೇ 3.6ರ ವಿನೆಗರ್ ಶೇ 3.79 ಎಂದು ತೋರುತ್ತದೆ. ಭಾರತದ ಆಹಾರ ನಿಯಮ ಕೇಳುವ ಕನಿಷ್ಠ ಶೇ 3.75ರ ಗೆರೆಯನ್ನು ಅದು ಸುಳ್ಳೇ ದಾಟಿಬಿಡುತ್ತದೆ. ಅದಕ್ಕೇ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ತೂಗಿ, ಅದರ ವಿರುದ್ಧ ಕ್ಷಾರದ ನಿಜವಾದ ಬಲವನ್ನು ಮೊದಲೇ ಪತ್ತೆಹಚ್ಚುತ್ತಾರೆ.

ಇಷ್ಟೆಲ್ಲ ಆದರೂ ಸಿಗುವುದು ಒಟ್ಟು ಆಮ್ಲೀಯತೆ. ದ್ರಾಕ್ಷಿಯ ಟಾರ್ಟಾರಿಕ್, ಮ್ಯಾಲಿಕ್ ಆಮ್ಲಗಳೂ ಅದರಲ್ಲಿ ಸೇರಿರುತ್ತವೆ. ಅಸಿಟಿಕ್ ಆಮ್ಲವೊಂದನ್ನೇ ತಿಳಿಯಬೇಕಾದರೆ, ಹಬೆಯೊಂದಿಗೆ ಅದನ್ನು ಬಟ್ಟಿಯಿಳಿಸಿ ಬೇರ್ಪಡಿಸಿಕೊಂಡು ಟೈಟ್ರೇಷನ್ ಮಾಡಬೇಕು. ಬಟ್ಟಿಯಿಳಿದ ದ್ರವ ಬಣ್ಣವಿಲ್ಲದ್ದಾದ್ದರಿಂದ ಅಲ್ಲಿ ಫಿನಾಲ್ಫ್ಥಲೀನ್ ಸಾಕು.