ಬ್ರೇಕ್ ದಿ ಐಸ್: ಮೊದಲ ಹತ್ತು ನಿಮಿಷದ ಮಾತು

ಅತ್ತಿಬೆಲೆ ದಾಟಿದ ಕೂಡಲೇ ಸಿಗುವ ಜೂಜುವಾಡಿಯಲ್ಲಿ ಅಂಗಡಿಯವರು ಗಿರಾಕಿಯ ಬಾಯಿಂದ ಒಂದು ಮಾತು ಬೀಳುವವರೆಗೆ ಸುಮ್ಮನೆ ಕಾಯುವುದುಂಟು. ಬಂದವರು ಕನ್ನಡದವರೋ, ತಮಿಳರೋ, ತೆಲುಗಿನವರೋ, ಕಾರ್ಖಾನೆಗೆಂದು ಉತ್ತರದಿಂದ ಬಂದು ಹಿಂದಿಯಲ್ಲೇ ವ್ಯವಹರಿಸುವವರೋ ಅನ್ನುವುದು ಮುಖ ನೋಡಿ ಗೊತ್ತಾಗುವುದಿಲ್ಲ. ಗಿರಾಕಿ ಬಾಯಿ ಬಿಟ್ಟರೆ ಅಂಗಡಿಯವರು ಅದೇ ಭಾಷೆಗೆ ಹೊರಳುತ್ತಾರೆ. ಅಂಗಡಿಯಲ್ಲಿ ಈ ಕಾಯುವಿಕೆ ಅರೆ ನಿಮಿಷವೂ ಇರುವುದಿಲ್ಲ. ಇದೇ ಜನ ಪಕ್ಕದ ಸಿಪ್ಕಾಟ್ ಕಾರ್ಖಾನೆಯೊಂದರ ತರಬೇತಿ ಕೋಣೆಯಲ್ಲಿ ಸೇರಿದರೆ ಅರ್ಧ ದಿನವಾದರೂ ಮುಗಿಯುವುದಿಲ್ಲ. ಆ ಬಿಗುವನ್ನು ಇಂಗ್ಲಿಷಿನವರು ‘ಐಸ್’ ಅನ್ನುತ್ತಾರೆ. ಅದನ್ನು ಮೊದಲು ಕದಲಿಸುವುದಕ್ಕೆ ‘ಬ್ರೇಕ್ ದಿ ಐಸ್’ ಅನ್ನುತ್ತಾರೆ.

ನುಡಿಗಟ್ಟು ಹುಟ್ಟಿದ್ದು ಚಳಿಗಾಲದಲ್ಲಿ ನದಿಗಳು ಹೆಪ್ಪುಗಟ್ಟುವ ನಾಡುಗಳಲ್ಲಿ. ದೋಣಿ ಹೋಗಬೇಕಾದರೆ ಮುಂದೆ ಯಾರಾದರೂ ಮಂಜುಗಡ್ಡೆ ಸೀಳಿ ದಾರಿ ಮಾಡಬೇಕಿತ್ತು. ಎರಾಸ್ಮಸ್ ಕೂಡಿಸಿದ ಲ್ಯಾಟಿನ್ ನಾಣ್ಣುಡಿಗಳಲ್ಲಿ ಇದು ಆಗಲೇ ಇದೆ. 1579ರಲ್ಲಿ ಥಾಮಸ್ ನಾರ್ತ್ ಪ್ಲೂಟಾರ್ಕನನ್ನು ಇಂಗ್ಲಿಷಿಗೆ ತಂದಾಗ ಅದನ್ನು ಬಳಸಿದ್ದು ‘ಕಷ್ಟದ ಕೆಲಸಕ್ಕೆ ಮೊದಲು ಕೈಹಾಕು’ ಅನ್ನುವ ಅರ್ಥದಲ್ಲಿ. ಅಪರಿಚಿತರ ನಡುವಿನ ಬಿಗುಮಾನ ಕಳೆಯುವುದು ಅನ್ನುವ ಈಗಿನ ಅರ್ಥ ನಿಧಾನವಾಗಿ ಬಂದು ಗಟ್ಟಿಯಾಯಿತು. ಹಳೆಯ ಅರ್ಥ ಪೂರ್ತಿ ಬಿಟ್ಟುಹೋಗಿಲ್ಲ. ಯಾರೋ ಒಬ್ಬರು ಮೊದಲು ಮುಂದಾಗಬೇಕು ಅನ್ನುವುದು ಇವತ್ತಿಗೂ ಅದರ ತಿರುಳು.

ಬಳಕೆಯ ನಿಯಮ ಸಣ್ಣದು. ‘ದಿ’ ಬಿಡುವಂತಿಲ್ಲ, ‘ಐಸಸ್’ ಅಂತ ಬಹುವಚನ ಮಾಡುವಂತಿಲ್ಲ. ‘ಷಿ ಟೋಲ್ಡ್ ಎ ಸ್ಟೋರಿ ಟು ಬ್ರೇಕ್ ದಿ ಐಸ್’ ಅಂದರೆ ಮಾತಿಗೆ ದಾರಿಯಾಗಲೆಂದು ಆಕೆ ಒಂದು ಕತೆ ಹೇಳಿದಳು ಎಂದರ್ಥ. ಅದಕ್ಕಾಗಿ ಬಳಸುವ ಆಟ, ಪ್ರಶ್ನೆ, ತಮಾಷೆಗೆ ‘ಐಸ್‌ಬ್ರೇಕರ್’ ಎಂದು ಹೆಸರು. ಇಬ್ಬರು ಜಗಳವಾಡಿ ಮಾತು ಬಿಟ್ಟಿದ್ದರೆ ಮೊದಲು ಮಾತಾಡಿಸಿದವರೂ ಐಸ್ ಬ್ರೇಕ್ ಮಾಡಿದ ಹಾಗೆಯೇ. ಆದರೆ ಅದು ರಾಜಿಯಾಗುವುದಲ್ಲ; ಜಗಳ ಹಾಗೇ ಇರಬಹುದು, ಮಾತು ಶುರುವಾಗಿದೆ ಅಷ್ಟೆ.

ಹೊಸೂರು ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಒಂದು ತೊಡಕಿದೆ. ಇಲ್ಲಿನ ತಮಿಳಿನಲ್ಲಿ ‘ಐಸ್ ವೈಕ್ಕಾದೇ’ ಅಂದರೆ ಹೊಗಳಿ ಉಬ್ಬಿಸಬೇಡ ಎಂದರ್ಥ. ಅದೇ ಜಾಡಿನಲ್ಲಿ ಕನ್ನಡದ ಹುಡುಗರೂ ‘ಮೇಷ್ಟ್ರಿಗೆ ಐಸ್ ಇಡ್ತಾನೆ’ ಅನ್ನುತ್ತಾರೆ. ಹಾಗಾಗಿ ಸಭೆಯಲ್ಲಿ ಐಸ್ ಬ್ರೇಕ್ ಮಾಡಿ ಎಂದರೆ ದೊಡ್ಡವರನ್ನು ಹೊಗಳಿ ಎಂದೇ ಕೆಲವರು ತಿಳಿಯುತ್ತಾರೆ. ಕನ್ನಡದಲ್ಲಿ ಹತ್ತಿರದ ಮಾತು ಬೇಕಾದರೆ ‘ಮೈಚಳಿ ಬಿಡುವುದು’ ಇದೆ. ಅದನ್ನೂ ನೋಡಿ ಬಳಸಬೇಕು. ‘ಮೈಚಳಿ ಬಿಟ್ಟು ಮಾತಾಡಿ’ ಅಂದರೆ ಸಂಕೋಚ ಬಿಡಿ ಎಂದಾಗುತ್ತದೆ. ‘ಮೈಚಳಿ ಬಿಡಿಸಿದರು’ ಅಂದರೆ ಚೆನ್ನಾಗಿ ಬೈದರು ಎಂದಾಗುತ್ತದೆ! ಹೊಸಬರನ್ನು ಸ್ವಾಗತಿಸುವ ಸಾಹೇಬರು ಎರಡನೆಯದನ್ನು ಬಳಸಿದರೆ ಕೋಣೆ ಇನ್ನಷ್ಟು ತಣ್ಣಗಾಗುತ್ತದೆ.

ಈಗ ತರಬೇತಿ ಕೋಣೆಗೆ ಬರೋಣ. ಕೆಲಸಕ್ಕೆ ಹೊಸದಾಗಿ ಸೇರಿದ ಇಪ್ಪತ್ನಾಲ್ಕು ಜನ ಇದ್ದಾರೆಂದು ಇಟ್ಟುಕೊಳ್ಳಿ. ಆನೇಕಲ್ ಕಡೆಯವರು ಕೆಲವರು, ತಳಿ, ಬಾಗಲೂರು ಕಡೆಯವರು ಕೆಲವರು, ಒಡಿಶಾದಿಂದ ಬಂದು ಬಾಡಿಗೆ ಕೋಣೆ ಹಿಡಿದವರು ಕೆಲವರು. ಎಲ್ಲರ ಬ್ಯಾಗೂ ತೊಡೆಯ ಮೇಲೇ ಇದೆ. ತರಬೇತಿ ಕೊಡುವವರು ಸಾಮಾನ್ಯವಾಗಿ ಮಾಡುವುದು ಒಂದೇ: ಈ ತುದಿಯಿಂದ ಒಬ್ಬೊಬ್ಬರಾಗಿ ಎದ್ದು ಪರಿಚಯ ಹೇಳಿ ಅನ್ನುತ್ತಾರೆ. ಒಬ್ಬೊಬ್ಬರಿಗೆ ಮುಕ್ಕಾಲು ನಿಮಿಷ ಎಂದರೂ ಹದಿನೆಂಟು ನಿಮಿಷ. ಅಷ್ಟು ಹೊತ್ತು ಕೋಣೆಯಲ್ಲಿ ಮಾತು ನಡೆಯುತ್ತದೆ, ಕೇಳುವವರು ಮಾತ್ರ ಕಡಿಮೆ. ಇದಕ್ಕೆ ಕಾರಣವೂ ಗೊತ್ತಾಗಿದೆ. ಮಾಲ್ಕಮ್ ಬ್ರೆನ್ನರ್ ಎಂಬ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸುತ್ತ ಕೂತವರು ಸರದಿಯಂತೆ ಪದಗಳನ್ನು ಓದುತ್ತಿದ್ದರು. ತಮ್ಮ ಸರದಿಗೆ ಸ್ವಲ್ಪ ಮುಂಚೆ ಬೇರೆಯವರು ಓದಿದ್ದು ಅವರಿಗೆ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮುಂದಿನ ಸರದಿ ನನ್ನದು ಅನ್ನುವಾಗ ಮನಸ್ಸು ತನ್ನ ಮಾತನ್ನೇ ಜೋಡಿಸಿಕೊಳ್ಳುತ್ತಿರುತ್ತದೆ. ಇಂಗ್ಲಿಷಿನಲ್ಲಿ ಹೇಳಬೇಕೋ ತಮಿಳಿನಲ್ಲೋ ಅನ್ನುವ ಗೊಂದಲವೂ ಸೇರಿಕೊಂಡರೆ ಕೇಳಿಸಿಕೊಳ್ಳುವುದು ದೂರದ ಮಾತು. ಪಕ್ಕದವನು ತನ್ನ ಹೆಸರನ್ನು ತಾನೇ ಹೇಳಿದರೂ ಸರದಿಗೆ ಕಾಯುತ್ತಿರುವವನಿಗೆ ಅದು ಗೊತ್ತಾಗಿರುವುದಿಲ್ಲ.

ಅದೇ ಇಪ್ಪತ್ನಾಲ್ಕು ಜನರನ್ನು ಇಬ್ಬಿಬ್ಬರಾಗಿ ಕೂರಿಸಿ ನೋಡಿ. ಒಂದೇ ಬಸ್ಸಿನಲ್ಲಿ ಬಂದವರು ಜೊತೆಯಾಗಬಾರದು ಎಂಬುದೊಂದೇ ಷರತ್ತು. ಪ್ರಶ್ನೆಯೂ ಒಂದೇ: ಇವತ್ತು ಬೆಳಿಗ್ಗೆ ಮನೆಯಿಂದ ಇಲ್ಲಿಗೆ ಹೇಗೆ ಬಂದಿರಿ, ಎಲ್ಲಿ ಕಾಯಬೇಕಾಯಿತು? ಯಾವ ಭಾಷೆಯಲ್ಲಾದರೂ ಹೇಳಬಹುದು, ಕೈಸನ್ನೆಯಲ್ಲೂ ಹೇಳಬಹುದು. ಒಬ್ಬರಿಗೆ ಎರಡು ನಿಮಿಷ, ಇನ್ನೊಬ್ಬರಿಗೆ ಎರಡು ನಿಮಿಷ. ಆಮೇಲೆ ಪ್ರತಿಯೊಬ್ಬರೂ ಜೊತೆಯವರ ಹೆಸರನ್ನೂ ಅವರು ಬಂದ ದಾರಿಯನ್ನೂ ಎಲ್ಲರಿಗೂ ಹೇಳಬೇಕು. ಒಬ್ಬರಿಗೆ ಹತ್ತು ಸೆಕೆಂಡಿನಂತೆ ನಾಲ್ಕು ನಿಮಿಷ. ಒಟ್ಟು ಎಂಟು ನಿಮಿಷದಲ್ಲಿ ಎಲ್ಲರೂ ಎರಡು ನಿಮಿಷ ಮಾತಾಡಿರುತ್ತಾರೆ, ಎರಡು ನಿಮಿಷ ಕೇಳಿರುತ್ತಾರೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವ ಮುಜುಗರವೂ ಇಲ್ಲ, ಏಕೆಂದರೆ ಹೇಳುವವರು ಇನ್ನೊಬ್ಬರು.

ಪ್ರಶ್ನೆ ಬಸ್ಸಿನದೇ ಏಕೆ? ಎಲ್ಲರ ಹತ್ತಿರವೂ ಉತ್ತರವಿದೆ, ಯಾರ ಉತ್ತರವೂ ತಪ್ಪಲ್ಲ, ಯಾರ ಉತ್ತರವೂ ಇನ್ನೊಬ್ಬರದಕ್ಕಿಂತ ಮೇಲಲ್ಲ. ಅತ್ತಿಬೆಲೆಯಲ್ಲಿ ಇಳಿದು ಶೇರ್ ಆಟೊ ಹತ್ತಿದವರಿಗೂ ಹೊಸೂರು ಬಸ್‌ಸ್ಟ್ಯಾಂಡಿನಿಂದ ಬಂದವರಿಗೂ ಹೇಳಲು ಅಷ್ಟಷ್ಟು ಇರುತ್ತದೆ. ಇದಕ್ಕೆ ಬದಲಾಗಿ ‘ಯಾವೂರು, ಅಪ್ಪ ಏನು ಮಾಡ್ತಾರೆ?’ ಎಂದು ಕೇಳುವ ರೂಢಿ ನಮ್ಮಲ್ಲಿ ಬಲವಾಗಿದೆ. ಕೇಳುವವರಿಗೆ ಅದು ಅಕ್ಕರೆಯ ಪ್ರಶ್ನೆ. ಉತ್ತರಿಸುವವರಿಗೆ ಯಾವ ಕೇರಿ, ಯಾವ ಜಾತಿ ಅನ್ನುವ ಮುಂದಿನ ಪ್ರಶ್ನೆ ಆಗಲೇ ಕೇಳಿಸಿರುತ್ತದೆ. ಅಪ್ಪ ಇಲ್ಲದವರು ಅಲ್ಲೇ ತಲೆ ತಗ್ಗಿಸುತ್ತಾರೆ. ಹಾಡು ಹೇಳಿ, ಕುಣಿಯಿರಿ ಅನ್ನುವ ಆಟಗಳೂ ಅಷ್ಟೆ: ಮುಂಚೆಯೇ ಮೈಚಳಿ ಬಿಟ್ಟವರು ಮಿಂಚುತ್ತಾರೆ, ಬಿಡಬೇಕಾದವರು ಗೋಡೆಗೆ ಒರಗುತ್ತಾರೆ. ನನ್ನ ಕೇಳಿದರೆ ಅಂಥ ಆಟಕ್ಕಿಂತ ಒಂದು ಲೋಟ ಟೀ ಕೊಟ್ಟು ಸುಮ್ಮನಿರುವುದು ಮೇಲು.

ಬಿಗುವು ಸಡಿಲವಾಯಿತೋ ಇಲ್ಲವೋ ತಿಳಿಯುವುದಕ್ಕೆ ನಗುವನ್ನು ನಂಬಬೇಡಿ. ಸಾಹೇಬರ ಜೋಕಿಗೆ ಎಲ್ಲರೂ ನಗುತ್ತಾರೆ. ತೊಡೆಯ ಮೇಲಿನ ಬ್ಯಾಗು ನೆಲಕ್ಕೆ ಇಳಿಯಿತೇ ನೋಡಿ. ಹೇಳಿದ ಪ್ರಶ್ನೆ ಮುಗಿದ ಮೇಲೂ ಜೊತೆಯವರನ್ನು ಇನ್ನೊಂದು ಮಾತು ಕೇಳುತ್ತಿದ್ದಾರೆಯೇ ಗಮನಿಸಿ. ‘ಸಂದೇಹ ಇದೆಯಾ?’ ಎಂದಾಗ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದರೆ ಕೆಲಸ ಆಗಿದೆ ಎಂದು ತಿಳಿಯಬಹುದು.

ಕೆಡುವುದು ಎಲ್ಲಿ ಎಂಬುದನ್ನೂ ಹೇಳಬೇಕು. ಒಬ್ಬರ ಉಚ್ಚಾರಣೆಯನ್ನು ಇನ್ನೊಬ್ಬರು ಅಣಕಿಸಿದರೆ, ಅಥವಾ ತರಬೇತಿಯವರೇ ನಡುವೆ ಬಾಯಿ ಹಾಕಿ ಭಾಷೆ ತಿದ್ದಿದರೆ, ಆವರೆಗೆ ಬಂದ ಸಲಿಗೆ ಆ ಕ್ಷಣಕ್ಕೆ ಹೋಗುತ್ತದೆ. ಇನ್ನೊಂದು, ಎಂಟು ನಿಮಿಷ ಆದ ಮೇಲೆ ಮ್ಯಾನೇಜರ್ ತಡವಾಗಿ ಒಳಗೆ ಬರುವುದು. ಎಲ್ಲರೂ ಎದ್ದು ನಿಲ್ಲುತ್ತಾರೆ, ಯಾರೋ ಕುರ್ಚಿ ಎಳೆಯುತ್ತಾರೆ, ಕೋಣೆ ಮೊದಲಿನಂತಾಗುತ್ತದೆ. ಆಗ ಉಪಾಯ ಒಂದೇ: ಅವರನ್ನೂ ಬಸ್ಸಿನ ಪ್ರಶ್ನೆಯನ್ನೇ ಕೇಳುವುದು. ಕಾರಿನಲ್ಲಿ ಬಂದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆ ಎಂದು ಅವರು ಹೇಳಿದರೆ, ತಡ ಆದದ್ದು ಅವರಿಗೂ ಉಂಟು ಅನ್ನುವ ಸಮಾಧಾನ ಎಲ್ಲರಿಗೂ.

ತರಗತಿಯ ಲೆಕ್ಕ ಸ್ವಲ್ಪ ಬೇರೆ. ಕೃಷ್ಣಗಿರಿ ಜಿಲ್ಲೆಯ ಗಡಿಯ ಊರುಗಳಲ್ಲಿ ಕನ್ನಡ, ತೆಲುಗು ಮನೆಮಾತಿನ ಮಕ್ಕಳು ಬಹಳ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಹೋಯಿತು. ಹಾಗಾಗಿ ಮನೆಯಲ್ಲಿ ಆಡದ ಭಾಷೆಯಲ್ಲಿ ಮೊದಲ ಮಾತು ಆಡಬೇಕಾದ ಮಗು ಪ್ರತಿ ಜೂನ್‌ನಲ್ಲೂ ಇರುತ್ತದೆ. ಆ ಮಗು ಸುಮ್ಮನಿದ್ದರೆ ಅದನ್ನು ದಡ್ಡತನ ಎಂದು ಬರೆದುಬಿಡುವುದು ಸುಲಭ. ಟೀಚರು ಕೇಳಿದ ತಕ್ಷಣ ಉತ್ತರ ಬರಲಿಲ್ಲವೆಂದು ಮುಂದಿನ ಮಗುವಿನ ಕಡೆ ತಿರುಗುತ್ತಾರೆ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳಲ್ಲಿ ಅಳೆದು ನೋಡಿದಾಗ ಟೀಚರುಗಳು ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಮಾತಾಡತೊಡಗಿದರು. ಮನಸ್ಸಿನಲ್ಲೇ ಭಾಷೆ ಬದಲಿಸಿಕೊಳ್ಳಬೇಕಾದ ಮಗುವಿಗೆ ಮೂರೂ ಸಾಲದು ಅಂತ ನನ್ನ ಅನಿಸಿಕೆ. ಉತ್ತರವನ್ನು ಮೊದಲು ಬೆಂಚಿನ ಜೊತೆಯವರಿಗೆ ಹೇಳು, ಆಮೇಲೆ ನನಗೆ ಹೇಳು ಎಂದರೆ ಆ ಹೊತ್ತು ತಾನಾಗಿ ಸಿಗುತ್ತದೆ.

ಇನ್ನೂ ಒಳ್ಳೆಯ ದಾರಿ ಟೀಚರೇ ವಿದ್ಯಾರ್ಥಿಯಾಗುವುದು. ಕಿಟಕಿಯ ಹತ್ತಿರ ಕೂತ ಹಕ್ಕಿಯನ್ನು ತೋರಿಸಿ ತಮಿಳಿನ ಟೀಚರು ‘ಇದು ನಮಗೆ ಕುರುವಿ, ನಿಮ್ಮನೇಲಿ ಏನಂತೀರಾ?’ ಎಂದು ಹರುಕು ಕನ್ನಡದಲ್ಲಿ ಕೇಳಲಿ. ‘ಗುಬ್ಬಚ್ಚಿ ಮಿಸ್’ ಎಂದು ಒಂದು ಮೂಲೆಯಿಂದಲೂ ‘ಪಿಚ್ಚುಕ’ ಎಂದು ಇನ್ನೊಂದು ಮೂಲೆಯಿಂದಲೂ ಬರುತ್ತದೆ. ಟೀಚರು ಅದನ್ನು ತಪ್ಪಾಗಿ ಹೇಳಿ ಮಕ್ಕಳ ಕೈಲಿ ತಿದ್ದಿಸಿಕೊಂಡರಂತೂ ಮುಗಿಯಿತು. ನಾಳೆ ತಮ್ಮ ತಮಿಳು ತಪ್ಪಾದಾಗ ಮಕ್ಕಳು ಅಷ್ಟು ಅಂಜುವುದಿಲ್ಲ.

ಎಲ್ಲ ಸಭೆಗೂ ಇದು ಹೊಂದುವುದಿಲ್ಲ. ಅಪಘಾತವಾದ ಮರುದಿನ ಕರೆದ ಸುರಕ್ಷತೆಯ ಸಭೆಯಲ್ಲಿ, ಕೆಲಸದಿಂದ ತೆಗೆಯುವ ಸುದ್ದಿ ಹೇಳುವ ಸಭೆಯಲ್ಲಿ ಆಟ ಆಡಿಸಿದರೆ ಅದು ಕ್ರೌರ್ಯ. ಹತ್ತು ವರ್ಷ ಒಟ್ಟಿಗೆ ದುಡಿದವರಿಗೂ ಬೇಕಿಲ್ಲ. ಅವರ ನಡುವಿನ ಮೌನಕ್ಕೆ ಬೇರೆ ಕಾರಣಗಳಿರುತ್ತವೆ. ಹೊಸಬರು ಸೇರಿರುವಲ್ಲಿ ಕೂಡ ಆಟ ಅಲ್ಲಿಗೇ ನಿಲ್ಲದೆ ಕೆಲಸಕ್ಕೆ ದಾಟಬೇಕು. ಬಸ್ಸಿನ ಪ್ರಶ್ನೆಗೆ ಬಂದ ಉತ್ತರಗಳನ್ನು ಬೋರ್ಡಿನ ಮೇಲೆ ಬರೆದುಕೊಂಡರೆ ಯಾರು ಆರು ಗಂಟೆಯ ಶಿಫ್ಟಿಗೆ ಹೊತ್ತಿಗೆ ಸರಿಯಾಗಿ ಬರಲಾರರು ಅನ್ನುವುದು ಅಲ್ಲೇ ಕಾಣುತ್ತದೆ. ಅಂದಿನ ಮೊದಲ ಚರ್ಚೆಯನ್ನು ಶಿಫ್ಟಿನ ವೇಳೆಯಿಂದಲೇ ಶುರು ಮಾಡಬಹುದು.