ಹಣೆಪಟ್ಟಿ ಎಂಐಟಿ, ಒಳಗೆ ಜಿಪಿಎಲ್

ಇಂದು ಮಾರಾಟವಾಗುವ ತಂತ್ರಾಂಶಗಳಲ್ಲಿ ಕಂಪನಿಯವರೇ ಬರೆದ ಕೋಡಿಗಿಂತ ಬೇರೆಯವರು ಬರೆದು ಹಂಚಿದ ಓಪನ್ ಸೋರ್ಸ್ ಲೈಬ್ರರಿಗಳೇ ಹೆಚ್ಚಿರುವುದುಂಟು. ಅವಕ್ಕೆ ಬೆಲೆಯಿಲ್ಲ, ಷರತ್ತುಗಳಿವೆ. ಎಂಐಟಿ ಲೈಸೆನ್ಸ್ ಕೇಳುವುದು ಕಡಿಮೆ: ಹಕ್ಕುಸ್ವಾಮ್ಯದ ಸೂಚನೆಯನ್ನೂ ಲೈಸೆನ್ಸಿನ ಪಠ್ಯವನ್ನೂ ಜೊತೆಗಿಟ್ಟರೆ ಸಾಕು. ಜಿಪಿಎಲ್ ಹಾಗಲ್ಲ. ಅದರ ಕೋಡನ್ನು ಬೆರೆಸಿ ಕಟ್ಟಿದ ತಂತ್ರಾಂಶವನ್ನು ಗ್ರಾಹಕರಿಗೆ ಕೊಟ್ಟರೆ, ಮೂಲ ಕೋಡನ್ನೂ ಅದೇ ಷರತ್ತಿನಡಿ ಕೊಡಬೇಕು. ಕೋಡನ್ನು ಗುಟ್ಟಾಗಿಟ್ಟು ಮಾರುವ ಕಂಪನಿಗೆ ಇದು ಒಗ್ಗದು.

ಇಂಥ ಷರತ್ತು ಹೇಗೆ ಕಾಣದಂತೆ ಒಳಸೇರುತ್ತದೆ ಎಂಬುದು 2021ರ ಮಾರ್ಚ್‌ನಲ್ಲಿ ಬಯಲಾಯಿತು. ವೆಬ್ ತಾಣಗಳನ್ನು ಕಟ್ಟಲು ಬಳಸುವ ರೂಬಿ ಆನ್ ರೈಲ್ಸ್ ಎಂಐಟಿ ಲೈಸೆನ್ಸಿನದು. ಅದು ಮಾರ್ಸೆಲ್ ಎಂಬ ಲೈಬ್ರರಿಯನ್ನು, ಮಾರ್ಸೆಲ್ ಮೈಮ್‌ಮ್ಯಾಜಿಕ್ ಎಂಬ ಪುಟ್ಟ ಲೈಬ್ರರಿಯನ್ನು ನೆಚ್ಚಿಕೊಂಡಿತ್ತು. ಒಂದು ಕಡತ ಚಿತ್ರವೋ ದಾಖಲೆಯೋ ಎಂದು ಗುರುತಿಸುವುದಷ್ಟೇ ಮೈಮ್‌ಮ್ಯಾಜಿಕ್‌ನ ಕೆಲಸ. ಅದರ ಮೇಲೂ ಎಂಐಟಿ ಎಂದೇ ಬರೆದಿತ್ತು. ಆದರೆ ಗುರುತಿಸಲು ಬೇಕಾದ ಪಟ್ಟಿಯನ್ನು ಅದು ಜಿಪಿಎಲ್ ಅಡಿಯಲ್ಲಿದ್ದ ಒಂದು ಎಕ್ಸ್‌ಎಂಎಲ್ ಕಡತದಿಂದ ತಯಾರಿಸಿಕೊಂಡಿತ್ತು. ಮೂಲ ಯೋಜನೆಯ ನಿರ್ವಾಹಕರು ಇದನ್ನು ಎತ್ತಿ ತೋರಿಸಿದಾಗ, ಮೈಮ್‌ಮ್ಯಾಜಿಕ್‌ನ ಹೊಸ ಆವೃತ್ತಿ ಜಿಪಿಎಲ್‌ಗೆ ಬದಲಾಯಿತು, ಹಳೆಯ ಆವೃತ್ತಿಗಳನ್ನು ಹಿಂತೆಗೆದುಕೊಳ್ಳಲಾಯಿತು. ಅವನ್ನೇ ಹುಡುಕುತ್ತಿದ್ದ ಅದೆಷ್ಟೋ ಯೋಜನೆಗಳ ಬಿಲ್ಡ್ ನಿಂತುಹೋಯಿತು. ಅಪಾಚೆ ಟೀಕಾದ ಪಟ್ಟಿಯನ್ನು ಬಳಸುವ ಹೊಸ ಮಾರ್ಸೆಲ್ ಬಂದು, ರೈಲ್ಸ್ ತಂಡ ಕೆಲವೇ ದಿನಗಳಲ್ಲಿ ಗಂಟು ಬಿಡಿಸಿತು.

ಹಾಗಾಗಿ ನೇರವಾಗಿ ಸೇರಿಸಿಕೊಂಡ ಲೈಬ್ರರಿಗಳನ್ನಷ್ಟೇ ನೋಡಿದರೆ ಸಾಲದು. ರೂಬಿಯಲ್ಲಿ ಪೂರ್ತಿ ಸರಪಳಿ `Gemfile.lock` ಕಡತದಲ್ಲಿರುತ್ತದೆ. ಅದರ ಲೈಸೆನ್ಸ್‌ಗಳನ್ನು `license_finder` ಪಟ್ಟಿ ಮಾಡಿಕೊಡುತ್ತದೆ. ಆದರೆ ಇಂಥ ಪಟ್ಟಿ ಮುಖ್ಯವಾಗಿ ಲೇಖಕರು ಘೋಷಿಸಿದ್ದನ್ನು ನಂಬುತ್ತದೆ. ಮೈಮ್‌ಮ್ಯಾಜಿಕ್‌ನಲ್ಲಿ ತಪ್ಪಿದ್ದದ್ದೇ ಆ ಘೋಷಣೆ. ಕಡತಗಳ ಒಳಗನ್ನೂ ಹುಡುಕಬೇಕು:

```
grep -rlE "General Public License|GPL" "$(bundle show mimemagic)"
```

ಸ್ಕ್ಯಾನ್‌ಕೋಡ್‌ನಂಥ ಸಾಧನಗಳು ಈ ಕೆಲಸವನ್ನು ಇನ್ನೂ ಕೂಲಂಕಷವಾಗಿ ಮಾಡುತ್ತವೆ. ಆದರೂ ಬೇರೊಂದು ಕಡತದಿಂದ ಯಂತ್ರವೇ ತಯಾರಿಸಿದ ಪಟ್ಟಿಯಲ್ಲಿ ಮೂಲದ ಲೈಸೆನ್ಸ್ ಸೂಚನೆ ಉಳಿದಿರದಿದ್ದರೆ ಅದು ಯಾವ ಹುಡುಕಾಟಕ್ಕೂ ಸಿಗದು. ದೊಡ್ಡ ದತ್ತಾಂಶ ಕಡತ ಕಂಡರೆ ಅದು ಎಲ್ಲಿಂದ ಬಂತೆಂದು ಮನುಷ್ಯರೇ ವಿಚಾರಿಸಬೇಕು.

ಜಿಪಿಎಲ್ ಸಿಕ್ಕಿದರೆ, ತಂತ್ರಾಂಶ ಗ್ರಾಹಕರನ್ನು ತಲುಪುವ ಬಗೆಯನ್ನು ನೋಡಬೇಕು. ಅದು ಕಂಪನಿಯ ಸರ್ವರ್‌ನಲ್ಲೇ ಓಡುತ್ತಿದ್ದರೆ ಹಂಚಿದಂತಾಗದು, ಮೂಲ ಕೋಡ್ ಕೊಡುವ ಬಾಧ್ಯತೆಯೂ ಹುಟ್ಟದು. ಅದೇ ತಂತ್ರಾಂಶವನ್ನು ಒಂದು ಬ್ಯಾಂಕಿನ ಕಂಪ್ಯೂಟರಿಗೆ ಹಾಕಿಕೊಟ್ಟ ದಿನ ಹುಟ್ಟುತ್ತದೆ. ಎಜಿಪಿಎಲ್ ಇನ್ನೂ ಬಿಗಿ: ಅದರ ಕೋಡನ್ನು ತಿದ್ದಿ ಸರ್ವರ್‌ನಲ್ಲಿ ಓಡಿಸಿದರೂ, ನೆಟ್‌ವರ್ಕ್ ಮೂಲಕ ಬಳಸುವವರಿಗೆ ಮೂಲ ಕೋಡ್ ಒದಗಿಸಬೇಕು. ಲೈಸೆನ್ಸ್ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದಾದ್ದರಿಂದ, ಲಾಕ್ ಕಡತ ಬದಲಾದಾಗಲೆಲ್ಲ ಪರಿಶೀಲನೆ ತಾನಾಗಿ ನಡೆಯುವಂತೆ ಅದನ್ನು ಬಿಲ್ಡ್‌ನ ಭಾಗವಾಗಿಸುವುದು ರೂಢಿ.